ಮೊದಲ ಆ್ಯಪ್‌ಗೆ ಫ್ಲಟರ್, ಕಾಟ್ಲಿನ್, ಸ್ವಿಫ್ಟ್: ಕೈಯಲ್ಲಿ ದುಡ್ಡು ಕಮ್ಮಿ ಇದ್ರೆ ಯಾವುದು?

ನಮಸ್ಕಾರ. ಚಿಕ್ಕಮಗಳೂರಲ್ಲಿ ಕೂತು ಒಬ್ಬರೇ ಮೊದಲ ಆ್ಯಪ್ ಮಾಡೋಕೆ ಹೊರಟಿದ್ದೀರಿ, ಇರೋದು 8 ಜಿಬಿ ರ್‍ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಹಾಗಾದ್ರೆ ಸ್ವಿಫ್ಟ್ ಸದ್ಯಕ್ಕೆ ಬೇಡ. ಐಫೋನ್ ಆ್ಯಪ್ ಕಟ್ಟೋಕೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತೆ. ಆಮೇಲೆ ಆ್ಯಪ್ ಸ್ಟೋರ್‌ಗೆ ವರ್ಷ ವರ್ಷಾನೂ 99 ಡಾಲರ್ ಕಟ್ಟಬೇಕು. ಪ್ಲೇ ಸ್ಟೋರ್‌ಗಾದ್ರೆ ಒಂದೇ ಸಲ 25 ಡಾಲರ್.

ಫ್ಲಟರ್‌ನಲ್ಲಿ ಬರೆದ್ರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತಲ್ಲ ಅಂತೀರಿ. ಕೋಡ್ ಒಂದೇ, ಅದು ನಿಜ. ಆದ್ರೆ ಐಫೋನಿಗೆ ಬಿಲ್ಡ್ ಮಾಡೋವಾಗ ಫ್ಲಟರ್‌ಗೂ ಅದೇ ಎಕ್ಸ್‌ಕೋಡ್ ಬೇಕು. ಹಾಗಾಗಿ ಆ ಆಸೆಗೆ ಫ್ಲಟರ್ ಹಿಡೀಬೇಡಿ. ನಾನು ಫ್ಲಟರ್ ಅನ್ನೋದು ಬೇರೆ ಕಾರಣಕ್ಕೆ.

ಕಾಫಿ ತೋಟದ ರೈಟರಿಗೆ ಒಂದು ಆ್ಯಪ್ ಅಂದ್ಕೊಳ್ಳಿ. ಯಾರು ಇವತ್ತು ಎಷ್ಟು ಕೆಜಿ ಹಣ್ಣು ಕುಯ್ದರು, ವಾರದ ಬಟವಾಡೆ ಎಷ್ಟು, ಅಷ್ಟೇ ಲೆಕ್ಕ. ತೋಟದೊಳಗೆ ಸಿಗ್ನಲ್ ಸಿಗಲ್ಲ, ಅದಕ್ಕೆ ಎಲ್ಲಾನೂ ಫೋನಲ್ಲೇ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಉಳಿಸಬೇಕು. ಇಲ್ಲಿ ಹೆಚ್ಚು ಸಮಯ ತಿನ್ನೋದು ಸ್ಕ್ರೀನು: ಹೆಸರು ದೊಡ್ಡದಾಗಿ ಕಾಣಬೇಕು, ತೂಕ ಹಾಕೋ ಜಾಗ ಹೆಬ್ಬೆರಳಿಗೆ ಎಟುಕಬೇಕು. ಎಮ್ಯುಲೇಟರ್ ಓಡಿಸಲೇಬೇಡಿ, ರ್‍ಯಾಮ್ ಪೂರ್ತಿ ಅದೇ ತಿನ್ನುತ್ತೆ. ವಿಎಸ್ ಕೋಡ್ ಹಾಕ್ಕೊಳ್ಳಿ, ನಿಮ್ಮ ಫೋನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಟರ್ಮಿನಲ್‌ನಲ್ಲಿ `flutter run` ಕೊಡಿ. ಮೊದಲ ಬಿಲ್ಡ್‌ಗೆ ಕೆಲವು ನಿಮಿಷ ಹಿಡಿಯುತ್ತೆ, ಹೆದರಬೇಡಿ. ಆಮೇಲೆ ಫೈಲ್ ಸೇವ್ ಮಾಡಿ ಅದೇ ಟರ್ಮಿನಲ್‌ನಲ್ಲಿ `r` ಒತ್ತಿದ್ರೆ ಸಾಕು, ಹಾಟ್ ರಿಲೋಡ್ ಆಗಿ ಬದಲಾವಣೆ ಆಗಲೇ ಫೋನಲ್ಲಿ ಕಾಣುತ್ತೆ, ಅರ್ಧ ತುಂಬಿದ ತೂಕಾನೂ ಹಾಗೇ ಇರುತ್ತೆ. ಕಾಟ್ಲಿನ್‌ನಲ್ಲಿ ಎಷ್ಟೋ ಬದಲಾವಣೆಗೆ ಆ್ಯಪ್ ಮತ್ತೆ ಬಿಲ್ಡ್ ಆಗಬೇಕು, ಮೇಲಿಂದ ಆಂಡ್ರಾಯ್ಡ್ ಸ್ಟುಡಿಯೋ ಭಾರ. ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಸಂಜೆ ಕಾಯೋದ್ರಲ್ಲೇ ಹೋಗುತ್ತೆ.

ಆದ್ರೆ ಕಾಟ್ಲಿನ್ನೇ ಸರಿ ಅನ್ನೋ ಜಾಗಾನೂ ಇದೆ. ಆಳು ಕರ್ಕೊಂಡು ಬರೋ ಜೀಪು ಎಲ್ಲಿದೆ ಅಂತ ದಿನವಿಡೀ ತೋರಿಸಬೇಕು ಅನ್ನಿ. ಸ್ಕ್ರೀನ್ ಆಫ್ ಆದ ಮೇಲೂ ಲೊಕೇಶನ್ ಓಡ್ತಿರಬೇಕು, ಫೋನಿನ ಬ್ಯಾಟರಿ ಸೇವರ್ ಅದನ್ನ ಕೊಲ್ಲಬಾರದು. ಫ್ಲಟರ್‌ನಲ್ಲಿ ಇದಕ್ಕೆ ಬೇರೆಯವರು ಬರೆದ ಪ್ಯಾಕೇಜ್ ನಂಬ್ಕೋಬೇಕು. ಅದು ಕೈಕೊಟ್ಟ ದಿನ ನೀವೇ ಕಾಟ್ಲಿನ್ ಬರೀಬೇಕು, ಅಂದ್ರೆ ಫ್ಲಟರ್‌ನ ಭಾಷೆ ಡಾರ್ಟ್ ಜೊತೆ ಇನ್ನೊಂದು ಭಾಷೆ. ನಿಮ್ಮ ಆ್ಯಪಿನ ಮುಖ್ಯ ಕೆಲಸ ಸ್ಕ್ರೀನ್ ಆಫ್ ಇದ್ದಾಗ ನಡೆಯೋದಾದ್ರೆ ಮೊದಲಿಂದಲೇ ಕಾಟ್ಲಿನ್ ಕಲೀರಿ.

ಎರಡರಲ್ಲಿ ಯಾವುದಾದ್ರೂ ಸರಿ, ಒಂದು ವಿಷಯ ಈಗಲೇ ತಿಳ್ಕೊಳ್ಳಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆ ಆದ್ರೆ, ಆ್ಯಪ್ ಎಲ್ಲರಿಗೂ ಬಿಡೋ ಮುಂಚೆ ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕು. ಮಧ್ಯೆ ಬಿಟ್ಟು ಹೋಗೋರು ಇರ್ತಾರೆ, ಅದಕ್ಕೆ ಹದಿನೈದು ಜನರ ಜಿಮೇಲ್ ಇಟ್ಕೊಳ್ಳಿ. ಅರೇಬಿಕಾ ಕುಯ್ಲಿಗೆ ಆ್ಯಪ್ ಸಿಗಬೇಕು ಅಂದ್ರೆ ಈ ಟೆಸ್ಟ್ ದಸರಾ ಹೊತ್ತಿಗೇ ಶುರು ಮಾಡಿ.