ಬೆಳ್ಳಗಾದ ಆಕಾಶದಲ್ಲಿ ಏನು ಉಳಿದಿದೆ?

ಈ ಕ್ಲಿಪ್ ನೋಡಿ. ಇಳಿಬಿಸಿಲಿನಲ್ಲಿ ಫೋನಿನಲ್ಲಿ ತೆಗೆದದ್ದು. ಮುಖ ಚೆನ್ನಾಗಿ ಬಂದಿದೆ, ಹಿಂದಿನ ಬಂಡೆಗಳೂ ಚೆನ್ನಾಗಿವೆ. ಆಕಾಶ ಮಾತ್ರ ಸುಣ್ಣ ಬಳಿದ ಗೋಡೆ. ಎಡಗಡೆ ಸೂರ್ಯ ಇದ್ದ, ನಡುವೆ ಮೋಡ ಇತ್ತು, ಬಲ ತುದಿಯಲ್ಲಿ ತೆಳು ನೀಲಿ ಇತ್ತು. ಈಗ ಮೂರೂ ಕಡೆ ಒಂದೇ ಬಿಳಿ.

ಹೈಲೈಟ್ಸ್ ಸ್ಲೈಡರ್ ಕೆಳಗೆ ಎಳೆದರೆ ಸಾಕು ಅಂತ ಸುಮಾರು ಜನ ಹೇಳುತ್ತಾರೆ. ಎಳೆಯುತ್ತೇನೆ, ನೋಡಿ. ಬಿಳಿ ಹೋಯಿತು, ಬೂದು ಬಂತು. ಮೋಡ ಬರಲಿಲ್ಲ. ಇದು ರಿಕವರಿ ಅಲ್ಲ, ಬರೀ ಬಣ್ಣ ಬದಲಾಯಿಸಿದ್ದು ಅಷ್ಟೇ.

ಕಣ್ಣಿಗೆ ಒಂದೇ ಥರ ಕಂಡರೂ ಈ ಫ್ರೇಮಿನಲ್ಲಿ ಮೂರು ಬೇರೆ ಬೇರೆ ಬಿಳಿ ಇವೆ. ಒಂದರಲ್ಲಿ ವಿವರ ಪೂರ್ತಿ ಇದೆ, ಒಂದರಲ್ಲಿ ಅರೆಬರೆ ಇದೆ, ಇನ್ನೊಂದರಲ್ಲಿ ಏನೂ ಇಲ್ಲ. ಯಾವುದು ಯಾವುದು ಅಂತ ಹೇಳುವುದು ವೇವ್‌ಫಾರ್ಮ್, ಅಂದರೆ ಫ್ರೇಮಿನಲ್ಲಿ ಎಲ್ಲಿ ಎಷ್ಟು ಬೆಳಕಿದೆ ಅಂತ ತೋರಿಸುವ ಗ್ರಾಫ್. ಆದರೆ ಅದಕ್ಕೂ ಮೊದಲು ಫೈಲಿನೊಳಗೆ ಏನಿದೆ ಅಂತ ಕೇಳೋಣ. ಕಮಾಂಡ್ ಸ್ಕ್ರೀನ್ ಮೇಲಿದೆ.

```
ffprobe -v error -select_streams v:0 \
 -show_entries stream=pix_fmt,color_range,color_transfer,bit_rate \
 clip.mp4
```

ಉತ್ತರದಲ್ಲಿ `yuv420p` ಬಂದಿದೆ. ಅಂದರೆ 8 ಬಿಟ್, 0ಯಿಂದ 255ರವರೆಗಿನ ಹಂತಗಳು. ಬಿಟ್‌ರೇಟ್ ಸೆಕೆಂಡಿಗೆ ಸುಮಾರು 17 ಮೆಗಾಬಿಟ್. ಇದು 1080ಪಿ, ಸೆಕೆಂಡಿಗೆ 30 ಫ್ರೇಮ್. ಲೆಕ್ಕ ಹಾಕಿದರೆ ಒಂದು ಪಿಕ್ಸೆಲ್‌ಗೆ ಸಿಗುವುದು ಸರಾಸರಿ ಕಾಲು ಬಿಟ್‌ಗಿಂತ ಸ್ವಲ್ಪ ಜಾಸ್ತಿ. ಕಂಪ್ರೆಸ್ ಮಾಡದೆ ಇಟ್ಟಿದ್ದರೆ ಒಂದು ಪಿಕ್ಸೆಲ್‌ಗೆ 12 ಬಿಟ್ ಬೇಕಿತ್ತು. ಈ ವ್ಯತ್ಯಾಸ ಆಮೇಲೆ ನಮ್ಮನ್ನು ಕಾಡುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಆ್ಯಪ್‌ನಲ್ಲಿ ಕ್ಲಿಪ್ ತೆಗೆದು ವೇವ್‌ಫಾರ್ಮ್ ಹಾಕಿದ್ದೇನೆ. ಆಕಾಶವೆಲ್ಲ ಮೇಲಿನ ಗೆರೆಗೆ ಅಂಟಿಕೊಂಡಿದೆ. ಗೇನ್, ಅಂದರೆ ಬೆಳಕಿರುವ ಭಾಗವನ್ನು ಹೆಚ್ಚಾಗಿ ಏರಿಸಿ ಇಳಿಸುವ ಕಂಟ್ರೋಲ್, ನಿಧಾನವಾಗಿ ಇಳಿಸುತ್ತೇನೆ. ಬಲ ತುದಿ ನೋಡಿ! ಗೆರೆಯ ಮೇಲಿನಿಂದ ಇನ್ನೊಂದಿಷ್ಟು ಸಿಗ್ನಲ್ ಕೆಳಗೆ ಇಳಿದು ಬಂತು. ತೆಳು ನೀಲಿ ಅಲ್ಲೇ ಅಡಗಿ ಕೂತಿತ್ತು.

ಯಾಕೆ ಹೀಗೆ? ಮಾಮೂಲಿ ವಿಡಿಯೋದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕೆಲವು ಕ್ಲಿಪ್‌ಗಳಲ್ಲಿ 0ಯಿಂದ 255ರವರೆಗೂ ಮಾಹಿತಿ ಇರುತ್ತದೆ, ಆದರೆ ಫೈಲಿನ ಲೇಬಲ್‌ನಲ್ಲಿ `color_range=tv` ಅಂತಲೇ ಇರುತ್ತದೆ. ಆಗ ಎಡಿಟರ್ 235ರ ಮೇಲಿನದ್ದನ್ನೆಲ್ಲ ಬಿಳಿ ಅಂತಲೇ ತೋರಿಸುತ್ತದೆ. ಇಲ್ಲಿ ಹಾಗೇ ಆಗಿದೆ ಅನ್ನುವುದಕ್ಕೆ ಇನ್ನೊಂದು ಗುರುತು ಇದೆ: ಬಂಡೆಯ ಸಂದಿಗಳೂ ಬೇಕಿಲ್ಲದಷ್ಟು ಕಪ್ಪಾಗಿವೆ. `Clip Attributes` ಒಳಗೆ `Data Levels` ಅನ್ನು `Full` ಮಾಡಿದರೆ ಎರಡೂ ಕಡೆ ಸರಿಹೋಗುತ್ತದೆ. ಕಪ್ಪು ಸರಿಯಾಗಿದ್ದು ಬಿಳಿ ಮಾತ್ರ ಕಟ್ಟಾಗಿದ್ದರೆ ಅದನ್ನು ಮುಟ್ಟಬೇಡಿ, ಗೇನ್ ಇಳಿಸಿದರೆ ಸಾಕು. ಎಲ್ಲ ಆ್ಯಪ್‌ಗಳಲ್ಲೂ ಇದು ಸಿಗುವುದಿಲ್ಲ. ಕೆಲವು ಆ್ಯಪ್‌ಗಳು ಕ್ಲಿಪ್ ಒಳಗೆ ಬರುವಾಗಲೇ ಮೇಲಿನದ್ದನ್ನು ಕತ್ತರಿಸಿ ಎಸೆಯುತ್ತವೆ.

ಬಲಗಡೆ ಮುಗಿಯಿತು. ಸುಲಭದ್ದು ಅದೊಂದೇ.

ನಡುವಿನ ಮೋಡಕ್ಕೆ ಬರೋಣ. ವೇವ್‌ಫಾರ್ಮ್ ಬದಲು ಪರೇಡ್ ಹಾಕುತ್ತೇನೆ. ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಕಾಣುತ್ತವೆ. ನೀಲಿ 255ಕ್ಕೆ ಹೋಗಿ ಚಪ್ಪಟೆಯಾಗಿದೆ. ಹಸಿರೂ ಅಷ್ಟೇ. ಕೆಂಪು ಮಾತ್ರ ಇನ್ನೂ ಏರಿಳಿಯುತ್ತಿದೆ, ಸುಮಾರು 220ರಿಂದ 250ರ ನಡುವೆ. ಆಕಾಶದ ಕಡೆ ನೀಲಿ ಬೆಳಕು ಜಾಸ್ತಿ, ಹಾಗಾಗಿ ನೀಲಿ ಚಾನಲ್ ಮೊದಲು ತುಂಬಿಹೋಗುತ್ತದೆ, ಕೆಂಪು ಕೊನೆಗೆ. ಮೋಡದ ಆಕಾರ ಉಳಿದಿರುವುದು ಕೆಂಪಿನಲ್ಲಿ ಮಾತ್ರ.

ಸುಮ್ನೆ ಗೇನ್ ಇಳಿಸಿದರೆ ಏನಾಗುತ್ತದೆ ನೋಡಿ. ಮೋಡಕ್ಕೆ ಹಸಿರುನೀಲಿ ಬಣ್ಣ ಹತ್ತಿತು. ಕೆಂಪು ಮಾತ್ರ ಕಡಿಮೆ ಇರುವ ಕಡೆ ಇನ್ನೇನಾಗಬೇಕು, ಅಲ್ವಾ? ಈ ಬಣ್ಣ ಆಕಾಶದ್ದಲ್ಲ, ಚಾನಲ್ ತುಂಬಿ ಕಟ್ಟಾದದ್ದರ ಕಲೆ.

ಹಾಗಾಗಿ ಬಣ್ಣದ ಆಸೆ ಬಿಟ್ಟು ಆಕಾರ ಮಾತ್ರ ತೆಗೆದುಕೊಳ್ಳುತ್ತೇನೆ. ಹೊಸ ನೋಡ್, ಅಂದರೆ ತಿದ್ದುಪಡಿಯ ಇನ್ನೊಂದು ಪದರ, ಹಾಕಿ, ತೀರಾ ಬೆಳಕಿರುವ ಭಾಗವನ್ನು ಮಾತ್ರ ಆರಿಸಿ, ಅಂಚು ಚೆನ್ನಾಗಿ ಮೃದು ಮಾಡುತ್ತೇನೆ. ಆಮೇಲೆ ಆರ್‌ಜಿಬಿ ಮಿಕ್ಸರ್‌ನಲ್ಲಿ ಮಾನೋಕ್ರೋಮ್ ಒತ್ತಿ, ಕೆಂಪು 1, ಉಳಿದೆರಡು 0. ಬಿಳಿಯಿದ್ದ ಜಾಗದಲ್ಲಿ ಬೂದು ಮೋಡ ಮೂಡಿತು. ಬಲಗಡೆಯ ನೀಲಿಗೆ ಹೊಂದುವಷ್ಟು ಒಂದು ಚೂರು ನೀಲಿ ಸೇರಿಸಿ, ನೋಡ್‌ನ ಪ್ರಭಾವ ಅರ್ಧಕ್ಕೆ ಇಳಿಸುತ್ತೇನೆ.

ದೂರದಿಂದ ಚೆನ್ನಾಗಿದೆ. ಈಗ ಝೂಮ್ ಮಾಡೋಣ. ಮೋಡದ ಅಂಚು ಚೌಕ ಚೌಕವಾಗಿದೆ. ಇಲ್ಲೇ ಫೋನ್ ಕ್ಲಿಪ್‌ನ ಮಿತಿ ಗೊತ್ತಾಗುವುದು. ಕ್ಲಿಪ್ ಒಳಗೆ ಕೆಂಪು, ಹಸಿರು, ನೀಲಿ ಅಂತ ಬೇರೆ ಬೇರೆ ಇಟ್ಟಿರುವುದಿಲ್ಲ. ಬೆಳಕು ಒಂದು ಕಡೆ, ಬಣ್ಣ ಇನ್ನೊಂದು ಕಡೆ. ಬೆಳಕು ಪೂರ್ತಿ 1920 ಬೈ 1080 ಇದೆ. ಬಣ್ಣ 960 ಬೈ 540 ಮಾತ್ರ, ಅಂದರೆ ಕಾಲು ಭಾಗ ಪಿಕ್ಸೆಲ್. ಬೆಳಕಿನ ಲೆಕ್ಕದಲ್ಲಿ ಕೆಂಪಿನ ಪಾಲು ಶೇಕಡ 21ರಷ್ಟು. ಕೆಂಪಿನಲ್ಲಿ 30 ಹಂತದ ಏರಿಳಿತ ಇದ್ದರೆ ಬೆಳಕಿನಲ್ಲಿ ಅದು ಸುಮಾರು ಆರು ಹಂತ ಮಾತ್ರ. ಉಳಿದದ್ದೆಲ್ಲ ಆ ಚಿಕ್ಕ ಬಣ್ಣದ ಚಿತ್ರದಲ್ಲಿದೆ. ಅದರ ಮೇಲೆ ಕಾಲು ಬಿಟ್ ಲೆಕ್ಕದ ಕಂಪ್ರೆಷನ್ ಬೇರೆ. ಆದ್ದರಿಂದ ಮೋಡದ ದೊಡ್ಡ ಆಕಾರ ಸಿಗುತ್ತದೆ, ನವಿರಾದ ಎಳೆ ಸಿಗುವುದಿಲ್ಲ. ಶಾರ್ಪನ್ ಮಾಡಿದರೆ ಚೌಕಗಳೇ ಶಾರ್ಪ್ ಆಗುತ್ತವೆ. ನಾನು ಉಲ್ಟಾ ಮಾಡುತ್ತೇನೆ, ಆ ನೋಡ್‌ಗೆ ಸ್ವಲ್ಪ ಬ್ಲರ್ ಕೊಡುತ್ತೇನೆ.

ಕಾಣುತ್ತಿರುವುದು ಮೋಡವೋ ಕಂಪ್ರೆಷನ್ನೋ ಅಂತ ಅನುಮಾನ ಬಂದರೆ ಕ್ಲಿಪ್ ಪ್ಲೇ ಮಾಡಿ. ನಿಜವಾದ ವಿವರ ಮೋಡದ ಜೊತೆಗೇ ಸರಿಯುತ್ತದೆ. ಕಂಪ್ರೆಷನ್ ಆದರೆ ಒಂದೇ ಕಡೆ ನಿಂತು, ಆಗಾಗ ತಟ್ಟನೆ ಬದಲಾಗುತ್ತದೆ. ಸ್ಟಿಲ್ ಫ್ರೇಮ್ ನೋಡಿ ತೀರ್ಮಾನ ಮಾಡಿದರೆ ಇದು ಗೊತ್ತೇ ಆಗುವುದಿಲ್ಲ.

ಇನ್ನೊಂದು ತೊಂದರೆ ಪಟ್ಟಿಗಳದ್ದು. 30 ಹಂತವನ್ನು 90 ಹಂತದಷ್ಟು ಜಾಗಕ್ಕೆ ಎಳೆದರೆ ಒಂದೊಂದು ಹೆಜ್ಜೆಯೂ ಮೂರು ಪಟ್ಟು ದೊಡ್ಡದಾಗುತ್ತದೆ. ನುಣುಪಾದ ಆಕಾಶದಲ್ಲಿ ಆ ಹೆಜ್ಜೆಗಳು ಗೆರೆಗಳಾಗಿ ಕಾಣುತ್ತವೆ. ಕೊನೆಯ ನೋಡ್‌ನಲ್ಲಿ ತೆಳ್ಳಗೆ ಗ್ರೇನ್ ಹಾಕಿದರೆ ಗೆರೆ ಒಡೆದುಹೋಗುತ್ತದೆ. ಎಕ್ಸ್‌ಪೋರ್ಟ್ ಬಿಟ್‌ರೇಟ್ ಕಡಿಮೆ ಇಟ್ಟರೆ ಮಾತ್ರ ಗ್ರೇನ್ ಅಳಿಸಿಹೋಗಿ ಗೆರೆ ವಾಪಸ್ ಬರುತ್ತದೆ.

ಕೊನೆಗೆ ಎಡಗಡೆ, ಸೂರ್ಯನ ಸುತ್ತ. ಮೂರೂ ಚಾನಲ್ ಚಪ್ಪಟೆ. ಗೇನ್ ಇಳಿಸಿದರೆ ಗೆರೆ ಗೆರೆಯಾಗಿಯೇ ಕೆಳಗೆ ಇಳಿಯುತ್ತದೆ, ಒಂದು ಸುಕ್ಕೂ ಇಲ್ಲ. ನಾಯ್ಸ್ ಕೂಡ ಇಲ್ಲ. ಇಲ್ಲಿಂದ ತರಲು ಏನೂ ಇಲ್ಲ, ಆದ್ದರಿಂದ ಬಿಳಿಯಾಗಿಯೇ ಬಿಡುತ್ತೇನೆ. ಸೂರ್ಯನ ಸುತ್ತ ಬಿಳಿ ಇದ್ದರೆ ಯಾರೂ ಕೇಳುವುದಿಲ್ಲ, ಬೂದು ಇದ್ದರೆ ಎಲ್ಲರಿಗೂ ಕಾಣುತ್ತದೆ.

ಅಂಚು ಮಾತ್ರ ಸರಿಮಾಡಬೇಕು. ಕರ್ವ್‌ನಲ್ಲಿ ಮೇಲಿನ ತುದಿಯನ್ನು ಇದ್ದಲ್ಲೇ ಬಿಟ್ಟು, ಅದಕ್ಕಿಂತ ಕೆಳಗೆ ಶೇಕಡ 85ರ ಹತ್ತಿರ ಒಂದು ಪಾಯಿಂಟ್ ಹಾಕಿ ಸ್ವಲ್ಪ ತಗ್ಗಿಸುತ್ತೇನೆ. ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಪಕ್ಕದ ಮೋಡ ಸ್ವಲ್ಪ ಗಾಢವಾಗುತ್ತದೆ. ಜಾಸ್ತಿ ತಗ್ಗಿಸಿದರೆ ಸೂರ್ಯನ ಸುತ್ತ ಬಿಳಿ ತಟ್ಟೆಯಂಥ ಗಡುಸು ಅಂಚು ಬರುತ್ತದೆ. ಅದು ಕಾಣಿಸಿದ ತಕ್ಷಣ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬನ್ನಿ.

ಒಂದು ಮಾತು ಬಾಕಿ ಇದೆ. ಅದೇ ಕಮಾಂಡ್‌ಗೆ ನಿಮ್ಮ ಕ್ಲಿಪ್ `yuv420p10le` ಮತ್ತು `arib-std-b67` ಅಂತ ಉತ್ತರ ಕೊಟ್ಟರೆ, ಅದು 10 ಬಿಟ್‌ನ, ಎಚ್‌ಎಲ್‌ಜಿ ಅನ್ನುವ ಎಚ್‌ಡಿಆರ್ ಕ್ಲಿಪ್. ಅದು ಬೆಳ್ಳಗೆ ಕಾಣುತ್ತಿರುವುದಕ್ಕೆ ಮಾಮೂಲಿ ಟೈಮ್‌ಲೈನ್‌ನಲ್ಲಿ ಹಾಗೇ ಹಾಕಿರುವುದೇ ಕಾರಣ ಇರಬಹುದು. ಪ್ರಾಜೆಕ್ಟ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ, ಕ್ಲಿಪ್‌ನ ಇನ್‌ಪುಟ್ ಕಲರ್ ಸ್ಪೇಸ್ `Rec.2100 HLG` ಮಾಡಿ, ಆಮೇಲೆ ಮತ್ತೆ ಪರೇಡ್ ನೋಡಿ. ಮೇಲೆ ಹೇಳಿದ ಕಸರತ್ತಿನಲ್ಲಿ ಅರ್ಧ ಬೇಕಾಗದೇ ಹೋಗಬಹುದು.