ಯಾವ ಕಡತ?

ಕೇಳುಗರಿಗೆ ನಮಸ್ಕಾರ. ವಾರ್ಷಿಕ ಕೆಲಸದ ಮೌಲ್ಯಮಾಪನದಲ್ಲಿ ಮೇಲಧಿಕಾರಿ ಕಟುವಾಗಿ ಬರೆದರೆ ಏನು ಮಾಡಬೇಕು ಎಂಬುದರ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ಕಾಸರಗೋಡಿನ ಕಚೇರಿಗಳಲ್ಲಿ ಗುಮಾಸ್ತನಾಗಿ ಸೇರಿ, ಬೇರೆಯವರ ಮೌಲ್ಯಮಾಪನ ಬರೆಯುವ ಕುರ್ಚಿಯವರೆಗೆ ಹೋಗಿ ನಿವೃತ್ತನಾದವನು ನಾನು. ಈ ವಿಷಯದಲ್ಲಿ ನನ್ನ ಬಳಿ ಇರುವುದು ಒಂದೇ ಮಾತು. ಗುಣವನ್ನು ಬಿಡಿ, ಕಡತವನ್ನು ಹಿಡಿಯಿರಿ. ಇದನ್ನೇ ಇಂದು ಎರಡು ಮೂರು ಸಲ ಹೇಳುತ್ತೇನೆ, ಬೇಸರಿಸಬೇಡಿ.

ನನ್ನದೇ ಕಥೆ ಹೇಳುತ್ತೇನೆ. ಆಗ ನಾನು ಒಂದು ಹಣಕಾಸು ಸಂಸ್ಥೆಯ ಕೃಷಿ ಸಾಲ ವಿಭಾಗದಲ್ಲಿದ್ದೆ. ಏಪ್ರಿಲ್ ಮೊದಲ ವಾರ ವ್ಯವಸ್ಥಾಪಕರು ಕರೆದು ಮೌಲ್ಯಮಾಪನದ ಹಾಳೆಯನ್ನು ಮುಂದಿಟ್ಟರು. ಅದರಲ್ಲಿ ಮೂರು ವಾಕ್ಯಗಳಿದ್ದವು. ‘ಸಾಲದ ಕಡತಗಳನ್ನು ವಿಳಂಬಿಸುತ್ತಾರೆ. ಜವಾಬ್ದಾರಿಯ ಅರಿವಿಲ್ಲ. ಸಹೋದ್ಯೋಗಿಗಳೊಂದಿಗೆ ಹೊಂದಿಕೊಳ್ಳುವುದಿಲ್ಲ.’

ಹದಿನಾಲ್ಕು ವರ್ಷ ದುಡಿದವನಿಗೆ ಮೂರು ವಾಕ್ಯ! ನಾಲ್ಕು ದಿನ ನಾನು ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ರಾತ್ರಿ ಕೂತು ಐದು ಪುಟದ ಉತ್ತರ ಬರೆದೆ. ಅದರಲ್ಲಿ ನನ್ನ ಪ್ರಾಮಾಣಿಕತೆ ಇತ್ತು, ರಜೆ ಹಾಕದೆ ದುಡಿದ ಓಣಂ ದಿನ ಇತ್ತು, ವ್ಯವಸ್ಥಾಪಕರಿಗೆ ನನ್ನ ಮೇಲೆ ಯಾಕೆ ಕೋಪ ಎಂಬ ಊಹೆಯೂ ಇತ್ತು. ಒಂದೇ ಒಂದು ಕಡತದ ಸಂಖ್ಯೆ ಇರಲಿಲ್ಲ. ಇಂಥ ಉತ್ತರಗಳನ್ನು ಮುಂದೆ ನಾನು ಅಧಿಕಾರಿಯಾದಾಗ ಬಹಳ ಓದಿದ್ದೇನೆ. ಎಲ್ಲವೂ ಒಂದೇ ಥರ ಇರುತ್ತವೆ. ನಿಜ ಹೇಳುವುದಾದರೆ, ಎರಡನೆಯ ಪುಟದ ನಂತರ ಯಾರೂ ಓದುವುದಿಲ್ಲ.

ಉತ್ತರಕ್ಕೆ ಸಾಕ್ಷ್ಯ ಸೇರಿಸಿ ವ್ಯವಸ್ಥಾಪಕರ ಬಾಯಿ ಮುಚ್ಚಿಸಬೇಕೆಂದು ಐದನೆಯ ದಿನ ಇನ್‌ವರ್ಡ್ ರಿಜಿಸ್ಟರ್ ತೆಗೆದೆ. ನವೆಂಬರಿನಿಂದ ಮಾರ್ಚ್‌ವರೆಗೆ ನನ್ನ ಮೇಜಿಗೆ ಬಂದ ಕಡತಗಳು 46. ಅರ್ಜಿ ಬಂದ ಹತ್ತು ಕೆಲಸದ ದಿನಗಳೊಳಗೆ ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಬೇಕೆಂಬುದು ನಮ್ಮಲ್ಲಿದ್ದ ನಿಯಮ. ಬಂದ ದಿನ, ಹೋದ ದಿನ, ಎರಡನ್ನೂ ಎದುರೆದುರು ಬರೆದು ಎಣಿಸಿದೆ. 31 ಕಡತಗಳು ಸಮಯಕ್ಕೆ ಹೋಗಿದ್ದವು. 15 ಹೋಗಿರಲಿಲ್ಲ. ಅಂದರೆ ಮೂರರಲ್ಲಿ ಒಂದು. ಯಾರನ್ನು ಸುಳ್ಳುಗಾರರೆಂದು ತೋರಿಸಲು ಹೊರಟಿದ್ದೆನೋ ಅವರು ಬರೆದದ್ದು ಸರಿಯಾಗಿತ್ತು.

ಆದರೆ ನನಗೆ ಉಪಯೋಗವಾದದ್ದು ಆ ಹದಿನೈದನ್ನು ಒಂದೊಂದಾಗಿ ಬಿಚ್ಚಿದಾಗ. 11 ಕಡತಗಳಲ್ಲಿ ಕಾರಣ ಒಂದೇ ಆಗಿತ್ತು. ಕಾಗದ ಪೂರ್ತಿ ಇರಲಿಲ್ಲ. ಭೂತೆರಿಗೆ ರಶೀದಿ ಹಿಂದಿನ ವರ್ಷದ್ದು. ಋಣಭಾರ ಪತ್ರ ಹದಿಮೂರು ವರ್ಷದ್ದು ಬೇಕಾದಲ್ಲಿ ಹತ್ತು ವರ್ಷದ್ದು. ಜಾಗದ ಆಧಾರ ಪತ್ರದಲ್ಲಿ ಹಳೆಯ ಸರ್ವೆ ನಂಬರು, ರಶೀದಿಯಲ್ಲಿ ರೀಸರ್ವೆ ನಂಬರು, ಎರಡೂ ಒಂದೇ ಜಾಗದ್ದು ಎನ್ನುವುದಕ್ಕೆ ಕಾಗದವಿಲ್ಲ. ಇದು ಅರ್ಜಿದಾರರ ತಪ್ಪಲ್ಲವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಕಾಗದ ಇಲ್ಲವೆಂಬುದು ನನಗೆ ಗೊತ್ತಾಗುತ್ತಿದ್ದದ್ದು ಎಂಟನೆಯ ದಿನ, ಟಿಪ್ಪಣಿ ಬರೆಯಲು ಕೂತಾಗ. ಅಷ್ಟು ದಿನ ಕಡತ ಕಟ್ಟಿದ ಹಾಗೆಯೇ ನನ್ನ ಬಲಗಡೆಯ ರಾಶಿಯಲ್ಲಿ ಇರುತ್ತಿತ್ತು.

ಉಳಿದ ನಾಲ್ಕರ ಕಾರಣ ಹೇಳಲು ಈಗಲೂ ಸ್ವಲ್ಪ ನಾಚಿಕೆ. ಅವುಗಳಲ್ಲಿದ್ದದ್ದು ಕೈಬರಹದ ಹಳೆಯ ಮಲಯಾಳ ಆಧಾರಗಳು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಅಚ್ಚಾದ ಮಲಯಾಳ ಓದುತ್ತೇನೆ, ಆ ಸುತ್ತುಬರಹ ಓದಲಾರೆ. ಓದಲಾರೆ ಎಂದು ಯಾರಿಗೂ ಹೇಳಲಿಲ್ಲ. ಬದಲಿಗೆ ಆ ಕಡತಗಳನ್ನು ರಾಶಿಯ ಅಡಿಗೆ ಹಾಕುತ್ತಿದ್ದೆ. ನಮ್ಮ ಗಡಿನಾಡಿನಲ್ಲಿ ಕೆಲಸ ಮಾಡುವ ಎಷ್ಟು ಮಂದಿ ಇದನ್ನು ಕೇಳುತ್ತ ಈಗ ತಲೆ ತಗ್ಗಿಸಿದ್ದಾರೆಂದು ನನಗೆ ಗೊತ್ತು.

ನೋಡಿ, ‘ಜವಾಬ್ದಾರಿಯ ಅರಿವಿಲ್ಲ’ ಎಂಬ ವಾಕ್ಯವನ್ನು ಇಟ್ಟುಕೊಂಡು ನಾನು ಏನು ತಿದ್ದಿಕೊಳ್ಳಬಹುದಿತ್ತು? ಬೆಳಿಗ್ಗೆ ಎದ್ದು ಹೆಚ್ಚು ಜವಾಬ್ದಾರಿಯವನಾಗುತ್ತೇನೆ ಎಂದು ದೇವರ ಮುಂದೆ ಹೇಳಬಹುದಿತ್ತು, ಅಷ್ಟೇ. ಆದರೆ ಎಂಟನೆಯ ದಿನ ತೆರೆಯುವ ಕಡತವನ್ನು ಮೊದಲ ದಿನ ತೆರೆಯಬಹುದು. ಅದಕ್ಕೇ ಹೇಳುವುದು, ಗುಣವನ್ನು ಬಿಡಿ, ಕಡತವನ್ನು ಹಿಡಿಯಿರಿ. ಇದು ನನ್ನ ಮನೆಯ ತತ್ತ್ವ ಮಾತ್ರವಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಮನೋವಿಜ್ಞಾನಿಗಳು ಇಂಥ ವಿಮರ್ಶೆಗಳ ಪರಿಣಾಮದ ಬಗ್ಗೆ ಅದುವರೆಗೆ ನಡೆದಿದ್ದ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟಿಸಿದರು. ಸರಾಸರಿಯಲ್ಲಿ ವಿಮರ್ಶೆಯಿಂದ ಕೆಲಸ ಸುಧಾರಿಸಿತ್ತು, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನೂ ಕೆಟ್ಟಿತ್ತು. ಕೇಳಿಸಿಕೊಂಡವನ ಗಮನ ಕೆಲಸದಿಂದ ಜಾರಿ ‘ನಾನು ಎಂಥವನು’ ಎಂಬಲ್ಲಿಗೆ ಹೋದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆ ಎಂಬುದು ಅವರ ವಿವರಣೆ. ನನ್ನ ಐದು ಪುಟದ ಉತ್ತರ ಅದಕ್ಕೆ ಒಳ್ಳೆಯ ಉದಾಹರಣೆ.

ಆ ಐದು ಪುಟಗಳನ್ನು ಡ್ರಾಯರಿನಲ್ಲಿಟ್ಟು, ಎಣಿಕೆಯ ಹಾಳೆ ಹಿಡಿದು ವ್ಯವಸ್ಥಾಪಕರ ಬಳಿಗೆ ಹೋದೆ. ‘ಸಾರ್, ಹದಿನೈದು ತಡವಾಗಿದೆ, ಒಪ್ಪುತ್ತೇನೆ. ಜವಾಬ್ದಾರಿಯಿಲ್ಲ ಎಂದು ಬರೆದಿರಲ್ಲ, ಅದು ಯಾವ ಕಡತ?’ ಎಂದು ಕೇಳಿದೆ. ಧ್ವನಿ ಏರಿಸದೆ ಕೇಳಬೇಕು, ಅದು ಮುಖ್ಯ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಬದಿಯಡ್ಕ ಕಡೆಯ ಆ ಪಂಪ್‌ಸೆಟ್ಟಿನ ಕಡತ’ ಎಂದರು.

ಅಡಿಕೆ ತೋಟಕ್ಕೆ ಪಂಪ್ ಹಾಕಿಸಲು ಒಬ್ಬ ಕೃಷಿಕರು ನವೆಂಬರ್ ಕೊನೆಗೆ ಅರ್ಜಿ ಕೊಟ್ಟಿದ್ದರು. ನಮ್ಮಲ್ಲಿ ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಅಡಿಕೆಗೆ ನೀರು ಬಿಡದಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಸರ್ವೆ ನಂಬರು ತಾಳೆಯಾಗದ ಕಡತ ಅದು. ಒಂದು ಕಾಗದ ಕೇಳಿದೆ, ತಂದರು. ಇನ್ನೊಂದು ಕೇಳಿದೆ, ತಂದರು. ಹೀಗೆ ನಾಲ್ಕು ಸಲ ಬಸ್ಸಿನಲ್ಲಿ ಬಂದು ಹೋದರು. ಹಣ ಕೈಸೇರಿದ್ದು ಮಾರ್ಚ್ ಎರಡನೆಯ ವಾರ. ಅಷ್ಟರಲ್ಲಿ ಅವರು ಪಕ್ಕದ ತೋಟದವರ ಪಂಪನ್ನು ಬಾಡಿಗೆಗೆ ತಂದು ಬೇಸಿಗೆಯ ಅರ್ಧ ಕಳೆದಿದ್ದರು. ವ್ಯವಸ್ಥಾಪಕರ ಮನಸ್ಸಿನಲ್ಲಿ ಆ ನಾಲ್ಕು ಬಸ್ ಪ್ರಯಾಣಗಳು ಇದ್ದವು. ಕಾಗದದ ಮೇಲೆ ಅವು ‘ಜವಾಬ್ದಾರಿಯ ಅರಿವಿಲ್ಲ’ ಎಂದಾಗಿದ್ದವು.

ಮೂರನೆಯ ವಾಕ್ಯಕ್ಕೂ ಅದನ್ನೇ ಕೇಳಿದೆ. ಹೊಂದಿಕೊಳ್ಳುವುದಿಲ್ಲ ಎಂದರೆ ಯಾರೊಂದಿಗೆ, ಯಾವಾಗ? ಅವರು ಕನ್ನಡಕ ತೆಗೆದು ಒರೆಸಿದರು, ‘ಹಾಗೆ ಒಟ್ಟಾರೆಯಾಗಿ’ ಎಂದರು. ಎರಡು ಸಲ ಕೇಳಿದರೂ ಘಟನೆ ಬರದಿದ್ದರೆ ಆ ವಾಕ್ಯವನ್ನು ಯೋಜನೆಗೆ ಸೇರಿಸಬೇಡಿ. ಅದರ ಬಗ್ಗೆ ಎರಡು ಸಾಲಿನ ಆಕ್ಷೇಪಣೆ ಬರೆದುಕೊಡಿ, ಮುಗಿಯಿತು. ನಾನೂ ಹಾಗೆಯೇ ಮಾಡಿದೆ.

ಈಗ ಯೋಜನೆ. ಒಂದೇ ಹಾಳೆ. ಮೇಲ್ಗಡೆ ಗುರಿ: ಜುಲೈ ಮುಗಿಯುವಾಗ ಹತ್ತು ದಿನ ದಾಟಿದ ಕಡತ ತಿಂಗಳಿಗೆ ಒಂದಕ್ಕಿಂತ ಹೆಚ್ಚಿರಬಾರದು. ಅದರ ಕೆಳಗೆ ಎರಡೇ ಕೆಲಸ. ಮೊದಲನೆಯದು, ಅರ್ಜಿದಾರರು ಎದುರಿಗೆ ನಿಂತಿರುವಾಗಲೇ ಕಡತ ಬಿಚ್ಚಿ ಕಾಗದಗಳನ್ನು ನೋಡುವುದು, ಬೇಕಾದದ್ದನ್ನೆಲ್ಲ ಒಂದೇ ಚೀಟಿಯಲ್ಲಿ ಬರೆದು ಕೊಡುವುದು. ಎರಡನೆಯದು, ಹಳೆಯ ಆಧಾರ ಬಂದರೆ ಅದೇ ದಿನ ಅದನ್ನು ಓದಬಲ್ಲ ಸಹೋದ್ಯೋಗಿಯ ಬಳಿ ಒಯ್ದು ಓದಿಸಿ ಸಾರಾಂಶ ಬರೆದುಕೊಳ್ಳುವುದು, ಬದಲಿಗೆ ಅವರ ಬಡ್ಡಿ ಲೆಕ್ಕದ ತಾಳೆಯನ್ನು ನಾನು ನೋಡುವುದು. ಪ್ರತಿ ಶನಿವಾರ ತಡವಾದ ಕಡತಗಳ ಸಂಖ್ಯೆಯನ್ನು ಅದೇ ಹಾಳೆಯಲ್ಲಿ ಬರೆಯುವುದು, ತಿಂಗಳ ಕೊನೆಗೆ ವ್ಯವಸ್ಥಾಪಕರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುವುದು.

ಎಲ್ಲವೂ ನೆಟ್ಟಗೆ ನಡೆಯಿತೆಂದು ತಿಳಿಯಬೇಡಿ. ಮೂರನೆಯ ವಾರಕ್ಕೆ ನನ್ನ ಕೌಂಟರಿನ ಎದುರು ಸಾಲು ಬಾಗಿಲು ದಾಟಿತು. ಒಬ್ಬರ ಕಾಗದ ನೋಡಲು ಹನ್ನೆರಡು ನಿಮಿಷ ಬೇಕಾಗುತ್ತಿತ್ತು, ಠೇವಣಿಗೆ ಬಂದವರೂ ಆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರು. ಹೊಸ ಅರ್ಜಿಗಳನ್ನು ಮಧ್ಯಾಹ್ನ ಎರಡರ ನಂತರವೇ ತೆಗೆದುಕೊಳ್ಳುತ್ತೇನೆ ಎಂದು ಬದಲಾಯಿಸಿಕೊಂಡೆ, ಹಾಳೆಯಲ್ಲೂ ತಿದ್ದಿದೆ. ಯೋಜನೆಯ ಹಾಳೆಯಲ್ಲಿ ತಿದ್ದುಪಡಿಯೇ ಇಲ್ಲದಿದ್ದರೆ ಅದನ್ನು ಯಾರೂ ಬಳಸಿಲ್ಲ ಎಂದೇ ನಾನು ತಿಳಿಯುತ್ತೇನೆ. ಮೇ ತಿಂಗಳಲ್ಲಿ 12 ಕಡತ ಬಂದು 4 ತಡವಾದವು. ಜೂನ್‌ನಲ್ಲಿ 9ರಲ್ಲಿ 2. ಜುಲೈಯಲ್ಲಿ 10ರಲ್ಲಿ 1. ಆ ಒಂದು ಕೂಡ ವಿಲೇಜ್ ಆಫೀಸಿನಿಂದ ಕೈವಶ ಪತ್ರ ಬರದೆ ನಿಂತದ್ದು, ನನ್ನ ಕೈಯಲ್ಲಿರಲಿಲ್ಲ. ಮುಂದಿನ ವರ್ಷದ ಮೌಲ್ಯಮಾಪನದಲ್ಲಿ ನನಗೆ ಸಿಕ್ಕಿದ್ದು ‘ತೃಪ್ತಿಕರ’. ‘ಉತ್ತಮ’ ಆಗಲು ಇನ್ನೂ ಒಂದು ವರ್ಷ ಹಿಡಿಯಿತು.

ಕಥೆಯೇ ನನ್ನ ಸಮಯವನ್ನೆಲ್ಲ ತಿಂದುಬಿಟ್ಟಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಮೌಲ್ಯಮಾಪನದ ಹಾಳೆಗೆ ಸಹಿ ಹಾಕಲು ಹೇಳಿದರೆ ‘ಓದಿದ್ದೇನೆ’ ಎಂದು ಬರೆದು ದಿನಾಂಕ ಸಹಿತ ಸಹಿ ಹಾಕಿ, ಒಪ್ಪಿದ್ದೇನೆ ಎಂದು ಬರೆಯಬೇಕಾಗಿಲ್ಲ. ಕೇಂದ್ರ ಸರಕಾರದ ನೌಕರರು ಇನ್ನೊಂದನ್ನು ತಿಳಿದಿರಬೇಕು. ದೇವ್ ದತ್ ಎಂಬ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕು ಎಂದಿತು. ಮರುವರ್ಷ ಹೊರಟ ಆದೇಶದಂತೆ ವರದಿ ಪೂರ್ತಿಯಾಗಿ ನಿಮ್ಮ ಕೈಗೆ ಬರಬೇಕು, ಆಕ್ಷೇಪಣೆಗೆ 15 ದಿನ ಇರುತ್ತದೆ. ಆ ಹದಿನೈದರಲ್ಲಿ ಮೊದಲ ನಾಲ್ಕನ್ನು ನನ್ನ ಹಾಗೆ ಮುನಿಸಿಗೆ ಕೊಟ್ಟರೂ ಪರವಾಗಿಲ್ಲ, ಐದನೆಯ ದಿನ ರಿಜಿಸ್ಟರ್ ತೆಗೆಯಿರಿ. ಮಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಕಂಪ್ಯೂಟರಿನ ಮುಂದೆ ಕೆಲಸ ಮಾಡುವ ಮಕ್ಕಳು ನಮಗೆ ರಿಜಿಸ್ಟರ್ ಎಲ್ಲಿದೆ ಎನ್ನುತ್ತಾರೆ. ಕಳುಹಿಸಿದ ಇಮೇಲ್‌ಗಳಿಗೆ ದಿನಾಂಕ ಇಲ್ಲವೇ? ಅದೇ ರಿಜಿಸ್ಟರ್. ಗುಣವನ್ನು ಬಿಡಿ, ಕಡತವನ್ನು ಹಿಡಿಯಿರಿ.

ಆ ಪಂಪ್‌ಸೆಟ್ಟಿನ ಕೃಷಿಕರ ಬಗ್ಗೆ ಹೇಳಿ ಮುಗಿಸುತ್ತೇನೆ. ಅದೇ ವರ್ಷ ತುಲಾ ತಿಂಗಳಲ್ಲಿ ಬಾವಿ ಆಳ ಮಾಡಿಸಲು ಮತ್ತೆ ಸಾಲಕ್ಕೆ ಬಂದರು. ಅವರನ್ನು ನಿಲ್ಲಿಸಿಕೊಂಡೇ ಕಡತ ಬಿಚ್ಚಿದೆ. ತೆರಿಗೆ ರಶೀದಿ ಹಳೆಯದು, ಉಳಿದದ್ದೆಲ್ಲ ಸರಿ ಎಂದು ಚೀಟಿ ಬರೆದು ಕೊಟ್ಟೆ. ಅವರು ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ.

‘ಇಷ್ಟೇಯಾ? ಇದನ್ನು ಹೋದ ವರ್ಷವೇ ಹೀಗೆ ಬರೆದು ಕೊಡಬಹುದಿತ್ತಲ್ಲ ಮಾರಾಯರೇ’ ಎಂದರು.

ನಮಸ್ಕಾರ.