ರೆಪೊ ಇಳಿಯಿತು, ಹತ್ತು ವರ್ಷದ ಬಡ್ಡಿ ಏರಿತು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಜೂನ್ ತಿಂಗಳ ಒಂದು ಸಂಜೆ, ಜೋರು ಮಳೆ. ಉಡುಪಿಯ ನಮ್ಮ ಮನೆಯ ಜಗಲಿಗೆ ನೆರೆಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಪ್ಲಾಸ್ಟಿಕ್ ಚೀಲದೊಳಗೆ ಮುದುರಿಕೊಂಡಿದ್ದ ಠೇವಣಿ ರಸೀದಿಗಳನ್ನು ಮೇಜಿನ ಮೇಲೆ ಹರಡಿ ಕೇಳಿದರು: "ನೀವು ಬ್ಯಾಂಕಿನಲ್ಲಿದ್ದವರು, ಹೇಳಿ. ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿದೆ. ಆದರೆ ಸರಕಾರದ ಹತ್ತು ವರ್ಷದ ಸಾಲಪತ್ರದ ಬಡ್ಡಿ ಏರಿತೆಂದು ಪೇಪರಿನಲ್ಲಿದೆ. ಎರಡರಲ್ಲಿ ಯಾವುದು ಸುಳ್ಳು?"

ಎರಡೂ ನಿಜ. ಅದು ಹೇಗೆಂದು ಹೇಳಲು ನಾನು ಅವರ ರಸೀದಿಯ ಹಿಂಬದಿಯಲ್ಲೇ ಒಂದು ಲೆಕ್ಕ ಬರೆದೆ.

ಒಂದು ವರ್ಷದ ಠೇವಣಿಗೆ ಶೇಕಡಾ 6, ಎರಡು ವರ್ಷದ್ದಕ್ಕೆ ಶೇಕಡಾ 6.5 ಬಡ್ಡಿ ಇದೆ ಎಂದುಕೊಳ್ಳಿ. ಒಂದು ಲಕ್ಷ ರೂಪಾಯಿಯನ್ನು ಎರಡು ವರ್ಷಕ್ಕೆ ಇಟ್ಟರೆ ಕೊನೆಗೆ 1,13,422 ರೂಪಾಯಿ ಕೈಗೆ ಬರುತ್ತದೆ. ಒಂದೇ ವರ್ಷಕ್ಕೆ ಇಟ್ಟರೆ 1,06,000. ಅದನ್ನೇ ಇನ್ನೊಂದು ವರ್ಷಕ್ಕೆ ನವೀಕರಿಸಿದಾಗ ಮೊದಲಿನಷ್ಟೇ ಮೊತ್ತ ಆಗಬೇಕಾದರೆ, ಎರಡನೆಯ ವರ್ಷದ ಬಡ್ಡಿ ಶೇಕಡಾ 7 ಇರಬೇಕು. ಮುಂದಿನ ವರ್ಷ 7ಕ್ಕಿಂತ ಹೆಚ್ಚು ಸಿಗುತ್ತದೆಂದು ಜನ ನಂಬಿದರೆ ಎಲ್ಲರೂ ಒಂದು ವರ್ಷದ್ದನ್ನೇ ಹಿಡಿಯುತ್ತಾರೆ. ಕಡಿಮೆ ಎಂದು ನಂಬಿದರೆ ಎರಡು ವರ್ಷದ್ದಕ್ಕೆ ಮುಗಿಬೀಳುತ್ತಾರೆ. ಹೀಗೆ ಹಣ ಅತ್ತಿಂದಿತ್ತ ಹರಿದು ಹರಿದು ಎರಡು ದಾರಿಯ ಗಳಿಕೆಯೂ ಸಮವಾಗುತ್ತದೆ. ಬ್ಯಾಂಕಿನ ಠೇವಣಿಗಿಂತ ದಿನವಿಡೀ ಕೈಬದಲಾಗುವ ಸರಕಾರಿ ಸಾಲಪತ್ರಗಳಲ್ಲಿ ಇದು ಬೇಗ ನಡೆಯುತ್ತದೆ. ಅಂದರೆ ದೀರ್ಘಾವಧಿಯ ಬಡ್ಡಿ ಎಂಬುದು ಇಂದಿನ ಮತ್ತು ಮುಂದೆ ಬರಲಿವೆಯೆಂದು ಜನ ಎಣಿಸುವ ಅಲ್ಪಾವಧಿ ಬಡ್ಡಿಗಳ ಸರಾಸರಿ. ನಿರೀಕ್ಷಾ ಸಿದ್ಧಾಂತ ಹೇಳುವುದು ಇಷ್ಟನ್ನೇ. 91 ದಿನದ ಟ್ರೆಜರಿ ಬಿಲ್ಲು ಎಂಬ ಸರಕಾರದ ಅಲ್ಪಾವಧಿ ಸಾಲಪತ್ರದಿಂದ ಹತ್ತಾರು ವರ್ಷಗಳ ಸಾಲಪತ್ರದವರೆಗಿನ ಬಡ್ಡಿಗಳನ್ನು ಸಾಲಾಗಿ ಗುರುತಿಸಿ ಗೆರೆ ಎಳೆದರೆ ಸಿಗುವುದೇ ಯೀಲ್ಡ್ ಕರ್ವ್, ಪ್ರತಿಫಲ ರೇಖೆ.

ಈಗ ಜೂನ್ 6ಕ್ಕೆ ಬನ್ನಿ. ಆ ದಿನ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿಯಾದ ರೆಪೊ ದರವನ್ನು ಶೇಕಡಾ 6ರಿಂದ 5.5ಕ್ಕೆ ಇಳಿಸಿತು. ಹೆಚ್ಚಿನವರು ಎಣಿಸಿದ್ದು ಕಾಲು ಅಂಶ, ಆದದ್ದು ಅರ್ಧ. ಆದರೆ ಅದೇ ಹೇಳಿಕೆಯಲ್ಲಿ ನೀತಿಯ ನಿಲುವು ಬಡ್ಡಿ ಇಳಿಸುವತ್ತ ವಾಲುವ "ಹೊಂದಾಣಿಕೆ"ಯಿಂದ, ಇಳಿಸಲೂಬಹುದು ಏರಿಸಲೂಬಹುದು ಎನ್ನುವ "ತಟಸ್ಥ"ಕ್ಕೆ ಬದಲಾಯಿತು. ಇನ್ನು ಇಳಿಸಲು ಹೆಚ್ಚು ಜಾಗವಿಲ್ಲ ಎಂಬ ಮಾತೂ ಬಂತು. ನನ್ನ ಮಟ್ಟಿಗೆ ಆ ದಿನದ ದೊಡ್ಡ ಸುದ್ದಿ ಆ ಒಂದು ಪದ, ಅರ್ಧ ಅಂಶವಲ್ಲ.

ಏಕೆಂದರೆ ಹತ್ತು ವರ್ಷದ ಸಾಲಪತ್ರದಲ್ಲಿ ಮೊದಲ ವರ್ಷದ ಪಾಲು ಹತ್ತರಲ್ಲಿ ಒಂದು ಮಾತ್ರ. ಬಡ್ಡಿ ಅರ್ಧ ಅಂಶ ಇಳಿದು, ಒಂದೇ ವರ್ಷದಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆಂದು ಎಲ್ಲರೂ ನಂಬಿದರೆ, ಹತ್ತು ವರ್ಷದ ಬಡ್ಡಿ ಇಳಿಯುವುದು ಬರೀ 0.05. ಇಳಿಕೆ ಹತ್ತು ವರ್ಷವೂ ಉಳಿಯುತ್ತದೆಂದು ನಂಬಿದರೆ ಪೂರ್ತಿ 0.5. ಮೊದಲ ವರ್ಷ ಅರ್ಧ ಅಂಶ ಇಳಿದರೂ, ಉಳಿದ ಒಂಬತ್ತು ವರ್ಷಗಳ ಬಡ್ಡಿ ತಾವು ಮೊದಲು ಎಣಿಸಿದ್ದಕ್ಕಿಂತ ಕಾಲು ಅಂಶ ಮೇಲಿರುತ್ತದೆಂದು ಜನ ಎಣಿಕೆ ಬದಲಿಸಿದರೆ? ಒಂಬತ್ತು ಕಾಲುಗಳು 2.25, ಅದರಲ್ಲಿ ಅರ್ಧ ಕಳೆದರೆ 1.75, ಹತ್ತರಿಂದ ಭಾಗಿಸಿದರೆ 0.175. ಹತ್ತು ವರ್ಷದ ಬಡ್ಡಿ ಅಷ್ಟು ಏರುತ್ತದೆ. ಶಿಕ್ಷಕಿ ಪೆನ್ನು ತೆಗೆದುಕೊಂಡು ತಾವೇ ಇನ್ನೊಮ್ಮೆ ಭಾಗಿಸಿ ನೋಡಿದರು.

ಆದರೆ ಈ ಸರಾಸರಿಯೊಂದರಿಂದಲೇ ಎಲ್ಲವನ್ನೂ ವಿವರಿಸಲು ಆಗದು. ಹತ್ತು ವರ್ಷ ಹಣವನ್ನು ಕಟ್ಟಿಹಾಕುವವನು ಬೆಲೆಯೇರಿಕೆಯ ಭಯಕ್ಕೆ, ಸಾಲಪತ್ರದ ಬೆಲೆ ಕುಸಿಯುವ ಭಯಕ್ಕೆ ಸ್ವಲ್ಪ ಹೆಚ್ಚುವರಿ ಕೇಳುತ್ತಾನೆ. ಅದಕ್ಕೆ ಅವಧಿ ಪ್ರೀಮಿಯಂ ಎನ್ನುತ್ತಾರೆ, ಅದು ಒಂದೇ ಸಮನೆ ಇರುವುದಿಲ್ಲ. ಆ ವರ್ಷದ ಆಗಸ್ಟ್ ಅಂತ್ಯಕ್ಕೆ ಹತ್ತು ವರ್ಷದ ಬಡ್ಡಿ 6.5 ದಾಟಿತ್ತು. ಆಗಸ್ಟ್ 15ರಂದು ಜಿಎಸ್‌ಟಿ ಇಳಿಕೆಯ ಮಾತು ಬಂದ ಮೇಲೆ, ಸರಕಾರ ಹೆಚ್ಚು ಸಾಲ ಎತ್ತೀತೆಂಬ ಅಂಜಿಕೆಯೂ ಅದರಲ್ಲಿ ಸೇರಿಕೊಂಡಿತ್ತು.

ನಿರೀಕ್ಷೆಯೋ ಅಂಜಿಕೆಯೋ ಎಂದು ತಿಳಿಯಲು ರೇಖೆಯ ಆರಂಭದ ತುದಿಯನ್ನು ನೋಡಬೇಕು. ರಿಸರ್ವ್ ಬ್ಯಾಂಕ್ ಪ್ರತಿವಾರ 91, 182 ಮತ್ತು 364 ದಿನಗಳ ಬಿಲ್ಲುಗಳನ್ನು ಹರಾಜು ಹಾಕುತ್ತದೆ. ಮುಂದಿನ ಬಡ್ಡಿ ಬೇಗನೆ ಏರುತ್ತದೆಂಬ ನಂಬಿಕೆಯಿದ್ದರೆ 364 ದಿನದ ಬಿಲ್ಲು, ಎರಡು ವರ್ಷದ ಸಾಲಪತ್ರ ಇವುಗಳ ದರವೂ ಏರಬೇಕು. ಅವು ಅಲುಗದೆ ಹತ್ತು, ಮೂವತ್ತು ವರ್ಷದವು ಮಾತ್ರ ಏರಿದರೆ, ಸಾಮಾನ್ಯವಾಗಿ ಪ್ರೀಮಿಯಂ ದಪ್ಪವಾಗಿದೆ ಎಂದೇ ಅರ್ಥ. ಇದು ಸುಳಿವು ಮಾತ್ರ, ತೀರ್ಪಲ್ಲ. ಐದಾರು ವರ್ಷಗಳಾಚೆಯ ಬಡ್ಡಿಯ ಬಗ್ಗೆ ಜನರ ಎಣಿಕೆ ಬದಲಾದರೂ ಗೆರೆ ಹಾಗೆಯೇ ಕಾಣುತ್ತದೆ.

ಶಿಕ್ಷಕಿ ರಸೀದಿಗಳನ್ನು ಚೀಲಕ್ಕೆ ಹಾಕಿಕೊಂಡು ಕೇಳಿದರು: "ಹಾಗಾದರೆ ನಾನು ಒಂದು ವರ್ಷಕ್ಕೆ ಇಡಲೋ, ಎರಡಕ್ಕೋ?"

"ಟೀಚರೇ, ಮುಂದಿನ ವರ್ಷ ಶೇಕಡಾ 7 ಸಿಗುತ್ತದೆಂದು ನಿಮಗೆ ಅನ್ನಿಸುತ್ತದೆಯೇ?" ಎಂದೆ.

"ಇಲ್ಲ" ಎಂದರು. ಮರುದಿನ ಬೆಳಿಗ್ಗೆ ಹೋಗಿ ಎರಡು ವರ್ಷಕ್ಕೆ ಇಟ್ಟು ಬಂದರು.

ನಮಸ್ಕಾರ.